ಲ್ಯಾಬ್ ಶಿಫ್ಟ್ ಇನ್‌ಚಾರ್ಜ್ ಹುದ್ದೆ: ಈಗ ಸೇರಲಾಗುತ್ತಿಲ್ಲ

ಎಚ್‌ಆರ್ ಮ್ಯಾನೇಜರ್ ಅವರಿಗೆ ಇಮೇಲ್, ಡಿಸೆಂಬರ್ 2

ಮೇಡಂ, ನಮಸ್ಕಾರ.

ನವೆಂಬರ್ 28ರಂದು ನೀವು ಕಳಿಸಿದ ಆಫರ್ ಲೆಟರ್ ತಲುಪಿದೆ. ಉತ್ತರಕ್ಕೆ ಡಿಸೆಂಬರ್ 5ರವರೆಗೆ ಸಮಯ ಕೊಟ್ಟಿದ್ದಿರಿ. ಮೂರು ದಿನ ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ಈ ಹುದ್ದೆಗೆ ಈಗ ಸೇರಲು ನನ್ನಿಂದ ಆಗುತ್ತಿಲ್ಲ. ಪಟ್ಟಿಯಲ್ಲಿ ನನ್ನ ನಂತರ ಇರುವವರನ್ನು ದಯವಿಟ್ಟು ಕಾಯಿಸದೆ ಕರೆಯಿರಿ.

ಕಾರಣ ಒಂದೇ. ನೀವು ಜನವರಿ 5ಕ್ಕೆ ಸೇರಬೇಕೆಂದು ಕೇಳಿದ್ದೀರಿ. ನನ್ನ ನೋಟಿಸ್ ಅವಧಿ 60 ದಿನ. ಇವತ್ತೇ ರಾಜೀನಾಮೆ ಕೊಟ್ಟರೂ ಜನವರಿ ಕೊನೆಯಾಗುತ್ತದೆ. ಅಷ್ಟರಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಆವಕ ಜೋರಾಗಿರುತ್ತದೆ. ಈಗಿನ ಕೋಲ್ಡ್ ಸ್ಟೋರೇಜ್ ಲ್ಯಾಬಿನಲ್ಲಿ ತೇವಾಂಶ ಮತ್ತು ಬಣ್ಣದ ಪರೀಕ್ಷೆ ನೋಡಿಕೊಳ್ಳುವವರು ಇಬ್ಬರೇ, ಅವರಲ್ಲಿ ನಾನೊಬ್ಬ. ಮೇ ತಿಂಗಳವರೆಗೆ ಇರುತ್ತೇನೆಂದು ಅಲ್ಲಿ ಮಾತು ಕೊಟ್ಟಿದ್ದೇನೆ.

ಸಂಬಳ, ಶಿಫ್ಟ್, ಊರು ಯಾವುದರ ಬಗ್ಗೆಯೂ ನನಗೆ ತಕರಾರಿಲ್ಲ. ತಿಂಗಳಿಗೆ 38,500 ರೂಪಾಯಿ ನಾನು ಕೇಳಿದ ಮೊತ್ತವೇ. ಸಂದರ್ಶನಕ್ಕೆ ಕೊಟ್ಟ ಸಮಯಕ್ಕೂ, ಇಡೀ ಲ್ಯಾಬ್ ಸುತ್ತಿಸಿ ತೋರಿಸಿದ್ದಕ್ಕೂ ಕೃತಜ್ಞತೆಗಳು.

ಜೂನ್ 1ರ ನಂತರ ಕ್ವಾಲಿಟಿ ಲ್ಯಾಬಿನಲ್ಲಾಗಲಿ, ಕಚ್ಚಾ ಮಾಲಿನ ತಪಾಸಣೆಯಲ್ಲಾಗಲಿ ಜಾಗ ಖಾಲಿಯಾದರೆ ನನ್ನನ್ನು ಖಂಡಿತ ನೆನಪಿಸಿಕೊಳ್ಳಿ. ಏಪ್ರಿಲ್ ಮೊದಲ ವಾರದೊಳಗೆ ತಿಳಿಸಿದರೆ ಇಲ್ಲಿ ನೋಟಿಸ್ ಕೊಟ್ಟು ಸಮಯಕ್ಕೆ ಸರಿಯಾಗಿ ಬರಬಲ್ಲೆ. ಬಯೋಡೇಟಾ ನಿಮ್ಮಲ್ಲೇ ಇರಲಿ. ಅದರಲ್ಲಿರುವ ಫೋನ್ ನಂಬರ್ ಬದಲಾಗುವುದಿಲ್ಲ.

ಇನ್ನೆರಡು ಸಣ್ಣ ವಿಷಯ. ಆಫರ್ ಲೆಟರ್‌ಗೆ ನಾನು ಸಹಿ ಮಾಡಿಲ್ಲ, ಆದ್ದರಿಂದ ಹಿನ್ನೆಲೆ ಪರಿಶೀಲನೆಗೆ ಕಳಿಸಿದ್ದರೆ ಅದನ್ನು ನಿಲ್ಲಿಸಬಹುದು. ಸಂದರ್ಶನದ ದಿನದ ಬಸ್ ಖರ್ಚಿನ ಬಿಲ್ ಕೊಟ್ಟಿದ್ದೆ. ಅದನ್ನು ಪಾವತಿಸುವುದು ಬೇಡ.

ವಂದನೆಗಳೊಂದಿಗೆ,
ಮಂಜುನಾಥ

ಲ್ಯಾಬ್ ಮುಖ್ಯಸ್ಥರಿಗೆ ವಾಟ್ಸಾಪ್, ಅದೇ ದಿನ ಸಂಜೆ

ಸರ್, ನಮಸ್ಕಾರ. ಎಚ್‌ಆರ್ ಮೇಡಂಗೆ ಈಗಷ್ಟೇ ಮೇಲ್ ಕಳಿಸಿದೆ. ಅವರಿಂದ ತಿಳಿಯುವ ಮುಂಚೆ ನಾನೇ ಹೇಳಬೇಕೆನಿಸಿತು: ಈ ಸುಗ್ಗಿಗೆ ಬರಲಾಗುತ್ತಿಲ್ಲ. ನೀವು ನನ್ನ ಪರವಾಗಿ ಮಾತಾಡಿದ್ದು ಗೊತ್ತಿದೆ, ಅದಕ್ಕೇ ಇನ್ನಷ್ಟು ಬೇಜಾರು.

ಒಂದೇ ಲಾಟಿನ ಎರಡು ಮಾದರಿಗೆ ಆಸ್ಟಾ ಬಣ್ಣದ ಮೌಲ್ಯ ಬೇರೆ ಬೇರೆ ಬರುತ್ತದೆ ಎಂದು ಅವತ್ತು ಹೇಳಿದ್ದಿರಿ. ಮೊದಲು ಫ್ಲಾಸ್ಕಿನ ಬಿರಡೆ ನೋಡಿ. 16 ಗಂಟೆ ಕತ್ತಲಲ್ಲಿ ಇಡುವಾಗ ಬಿರಡೆ ಸಡಿಲವಿದ್ದರೆ ಅಸಿಟೋನ್ ಆರಿ, 460 ನ್ಯಾನೋಮೀಟರಿನಲ್ಲಿ ರೀಡಿಂಗ್ ಏರುತ್ತದೆ. ಅದು ಸರಿಯಿದ್ದರೆ ಬೀಜದ ಪಾಲು ನೋಡಿ. ಬಣ್ಣ ಇರುವುದು ಸಿಪ್ಪೆಯಲ್ಲಿ. ಒಂದು ಮಾದರಿಗೆ ಬೀಜ ಹೆಚ್ಚು ಬಿದ್ದರೆ ಮೌಲ್ಯ ಇಳಿಯುತ್ತದೆ. ಚೀಲದ ಮೇಲಿನಿಂದಷ್ಟೇ ಕೈ ಹಾಕಿ ತೆಗೆದರೆ ಈ ಪಾಲು ಹೆಚ್ಚುಕಡಿಮೆಯಾಗುತ್ತದೆ, ಬೀಜವೆಲ್ಲ ತಳಕ್ಕೆ ಇಳಿದಿರುತ್ತದೆ. ಮೇಲೆ, ನಡು, ತಳ ಮೂರೂ ಕಡೆಯಿಂದ ತೆಗೆದು, ಕಲಸಿ, ಒಟ್ಟಿಗೆ ಪುಡಿ ಮಾಡಿಸಿ ನೋಡಿ. ಆಗಲೂ ಹೊಂದದಿದ್ದರೆ ಫೋನ್ ಮಾಡಿ, ರಾತ್ರಿ 8ರ ಮೇಲೆ ಬಿಡುವಿರುತ್ತೇನೆ.

ನೋಟಿಸ್ ಹಣವನ್ನು ಕಂಪನಿಯೇ ಕಟ್ಟುತ್ತದೆಂದು ಎಚ್‌ಆರ್ ಬರೆದ ಮೇಲೆ ಕಳಿಸಿದ ಉತ್ತರ, ಡಿಸೆಂಬರ್ 4

ಮೇಡಂ, ನನಗಾಗಿ ಇಷ್ಟು ಮುಂದೆ ಬಂದಿದ್ದಕ್ಕೆ ಧನ್ಯವಾದ. ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಹಣ ಕಟ್ಟಿದರೆ ನನಗೆ ಬಿಡುಗಡೆ ಸಿಗುತ್ತದೆ, ಆದರೆ ಜನವರಿಯಲ್ಲಿ ಆ ಲ್ಯಾಬಿಗೆ ಕೆಲಸ ಕಲಿತ ಇನ್ನೊಬ್ಬರು ಸಿಗುವುದಿಲ್ಲ. ಸುಗ್ಗಿಯ ನಡುವೆ ಬಿಟ್ಟು ಬಂದರೆ ನಾಳೆ ನಿಮ್ಮಲ್ಲೂ ನನ್ನ ಮಾತಿಗೆ ಬೆಲೆ ಇರುವುದಿಲ್ಲ.

ಫೆಬ್ರವರಿಗೆ ಮುಂದೂಡೋಣ ಎಂದೂ ಕೇಳಿದ್ದೀರಿ. ಅದಕ್ಕೂ ಒಪ್ಪಿಕೊಳ್ಳುವ ಸ್ಥಿತಿಯಲ್ಲಿಲ್ಲ. ಒಪ್ಪಿ, ಆಮೇಲೆ ಮತ್ತೆ ದಿನ ಕೇಳಿದರೆ ನಿಮ್ಮ ಶಿಫ್ಟ್ ಖಾಲಿ ಉಳಿಯುತ್ತದೆ. ಹಾಗಾಗಿ ಈ ಆಫರ್ ಅನ್ನು ಇಲ್ಲಿಗೇ ಮುಗಿಸಿ, ಜೂನ್ ನಂತರದ ಹುದ್ದೆಗಳಿಗೆ ಹೊಸದಾಗಿ ಪರಿಗಣಿಸಿದರೆ ಸಾಕು. ಆಗ ಮತ್ತೊಮ್ಮೆ ಸಂದರ್ಶನ ಬೇಕೆಂದರೂ ಸಂತೋಷದಿಂದ ಬರುತ್ತೇನೆ.

ನಿಮ್ಮಲ್ಲಿ ಈಗ ಖಾಲಿಯಿರುವ ಜಾಗಕ್ಕೆ, ನನ್ನ ಜೊತೆ ಓದಿದವರೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆ. ಮಸಾಲೆ ಪುಡಿ ಘಟಕದಲ್ಲಿ ನಾಲ್ಕು ವರ್ಷದ ಅನುಭವ, ನೋಟಿಸ್ 15 ದಿನ ಮಾತ್ರ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವರ ಬಯೋಡೇಟಾ ಈ ಮೇಲ್‌ಗೆ ಲಗತ್ತಿಸಿದೆ. ಬೆಳಗ್ಗೆ 10ಕ್ಕಿಂತ ಮುಂಚೆ ಕರೆ ಮಾಡಿದರೆ ಸಿಗುತ್ತಾರೆ.

ಮಂಜುನಾಥ