ವಿಷಯ: ಸಿಎಂಎ ಫೈನಲ್ ಪಾಸಾಗಿದ್ದೇನೆ, ಬಡ್ತಿ ಮತ್ತು ಸಂಬಳದ ಬಗ್ಗೆ

ಸರ್, ನಮಸ್ಕಾರ.

ಜೂನ್‌ನಲ್ಲಿ ಬರೆದಿದ್ದ ಸಿಎಂಎ ಫೈನಲ್‌ನ ಎರಡನೇ ಗ್ರೂಪ್ ಪಾಸಾಯಿತು. ಎರಡೂ ಗ್ರೂಪ್ ಸೇರಿ ಎಂಟು ಪೇಪರ್. ಪ್ರತಿ ಪೇಪರ್‌ನಲ್ಲಿ 40 ಬರಬೇಕು, ಜೊತೆಗೆ ಗ್ರೂಪ್‌ಗೆ ಒಟ್ಟು ಶೇ. 50 ಆಗಬೇಕು, ಹಾಗಾಗಿ ಹೋದ ಸಲ ಎಲ್ಲದರಲ್ಲೂ 40 ದಾಟಿದ್ದರೂ ಒಟ್ಟು ಅಂಕ ಸಾಲದೆ ಮತ್ತೆ ನಾಲ್ಕೂ ಪೇಪರ್ ಬರೆಯಬೇಕಾಯಿತು. ಪರೀಕ್ಷೆ ಹೊತ್ತಿಗೆ ನೀವು ರಜೆ ಕೊಟ್ಟಿದ್ದನ್ನು ಮರೆತಿಲ್ಲ.

ಈಗ ನೇರವಾಗಿ ಕೇಳುತ್ತೇನೆ. ನನಗೆ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಕೊಡಿ, ಸಂಬಳ 38,000ದಿಂದ 55,000ಕ್ಕೆ ಏರಿಸಿ.

ಸರ್ಟಿಫಿಕೇಟ್ ಬಂತು ಅಂತ ಸುಮ್ನೆ ಕೇಳುತ್ತಿಲ್ಲ. ಓದಿದ್ದು ಕೆಲಸದಲ್ಲಿ ಕಾಣುತ್ತಿದೆ. ಪಂಪ್ ಬಾಡಿ ವಿಷಯ ನೆನಪಿದೆ ಅಲ್ವಾ? ಲೇತ್‌ನಲ್ಲಿ ಬೀಳುವ ಚೂರು ಮಾರಿದ ಹಣವನ್ನು ನಾವು ಎಲ್ಲ ಐಟಂಗಳಿಗೂ ಸಮನಾಗಿ ಹಂಚಿ ಅವುಗಳ ಖರ್ಚಿನಿಂದ ಕಳೆಯುತ್ತಿದ್ದೆವು. ನಾನು ಎರಡು ವಾರ ಶಾಪ್ ಫ್ಲೋರ್‌ನಲ್ಲಿ ನಿಂತು ಪ್ರತಿ ಬ್ಯಾಚ್‌ನ ಚೂರು ತೂಕ ಹಾಕಿಸಿದೆ. ಪಂಪ್ ಬಾಡಿಯಲ್ಲೇ ಜಾಸ್ತಿ ಬೀಳುತ್ತಿತ್ತು, ಅಂದರೆ ಅದರ ಖರ್ಚನ್ನು ನಾವು ಹೆಚ್ಚು ತೋರಿಸಿ ಕೊಟೇಶನ್‌ನಲ್ಲಿ ಸೋಲುತ್ತಿದ್ದೆವು. ಲೆಕ್ಕ ಸರಿಮಾಡಿದ ಮೇಲೆ ಎರಡು ಆರ್ಡರ್ ಬಂದವು.

ಕಾಸ್ಟಿಂಗ್ ಶೀಟ್, ತಿಂಗಳ ವೇರಿಯನ್ಸ್ ರಿಪೋರ್ಟ್, ಆಡಿಟರ್ ಪ್ರಶ್ನೆಗಳು ಒಂದು ವರ್ಷದಿಂದ ನನ್ನ ಮೇಲೇ ಇವೆ. ಹುದ್ದೆ ಮಾತ್ರ ಹಳೆಯದು. ನನಗೆ ಇಲ್ಲೇ ಕೆಲಸ ಮಾಡುವ ಆಸೆ, ಅದಕ್ಕೇ ಬೇರೆ ಕಡೆ ನೋಡದೆ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ. ಒಮ್ಮೆಗೇ ಅಷ್ಟು ಕಷ್ಟವಾದರೆ ಹುದ್ದೆ ಈಗಲೇ ಕೊಟ್ಟು, ಸಂಬಳವನ್ನು ಏಪ್ರಿಲ್ ಒಳಗೆ ಎರಡು ಕಂತಲ್ಲಿ ಏರಿಸಿದರೂ ಒಪ್ಪುತ್ತೇನೆ.

ಗುರುವಾರ ಮಧ್ಯಾಹ್ನ ಅರ್ಧ ಗಂಟೆ ಸಿಗುತ್ತೀರಾ? ಮಾರ್ಕ್ಸ್ ಕಾರ್ಡ್, ಚೂರಿನ ಲೆಕ್ಕದ ಶೀಟ್ ಎರಡನ್ನೂ ತರುತ್ತೇನೆ.

ಇಂತಿ,
ಸುಮಾ
ಅಕೌಂಟ್ಸ್ ವಿಭಾಗ