ದೀಪಾವಳಿಗೆ, ನಮ್ಮ ಕಾಸರಗೋಡು ಆಫೀಸಿನ ಎಲ್ಲರಿಗೂ

ಪ್ರೀತಿಯ ಗೆಳೆಯರೇ,

ನಮ್ಮನೆಯಲ್ಲಿ ಹಂಡೆ ತೊಳೆದು ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಆಯ್ತು, ಬೆಳಿಗ್ಗೆ ಎಣ್ಣೆಸ್ನಾನ, ಆಮೇಲೆ ಸಿಹಿ ಅವಲಕ್ಕಿ. ಹಬ್ಬ ಮಾಡುವವರಿಗೆ ದೀಪಾವಳಿಯ ಶುಭಾಶಯ. ನಿಮ್ಮ ಮನೆಯಲ್ಲಿ ಈ ಹಬ್ಬ ಇಲ್ವಾ? ಹಾಗಾದ್ರೆ ಸುಮ್ನೆ ನನ್ನ ಪ್ರೀತಿ ತಗೊಳ್ಳಿ.

ಪೆರ್ನಾಳಿನ ದಿನ ನಾವು ಕೌಂಟರ್ ನೋಡಿಕೊಂಡೆವು ಅಂತ ನೆನಪಿಟ್ಟು, ಯಾರೂ ಕೇಳದೆಯೇ ಈ ಸಲ ಡ್ಯೂಟಿಗೆ ಹೆಸರು ಕೊಟ್ಟ ಇಬ್ಬರಿಗೆ ತುಂಬಾ ಥ್ಯಾಂಕ್ಸ್. ಬದಲಿ ರಜೆ ಬರೆದಿಟ್ಟಿದ್ದೇನೆ, ಮರೆಯಲ್ಲ.

ಸೋಮವಾರ ಹೋಳಿಗೆ ತರ್ತೇನೆ (ಅಮ್ಮ ಮಾಡಿದ್ದು, ನಾನಲ್ಲ, ಹೆದರಬೇಡಿ). ತಿನ್ನದವರು ‘ಬೇಡ’ ಅಂದ್ರೆ ಸಾಕು, ಕಾರಣ ಹೇಳಬೇಕಿಲ್ಲ. ಕ್ರಿಸ್ಮಸ್ ಕೇಕ್ ಮಾತ್ರ ನನಗೆ ಎರಡು ತುಂಡು ಬೇಕು, ಈಗಲೇ ಹೇಳಿದ್ದೇನೆ.

ನಿಮ್ಮ ಮ್ಯಾನೇಜರ್