ಇಪ್ಪತ್ತನಾಲ್ಕು ಸೆರಗಿನ ಸಾಹುಕಾರ

ಮಳೆಗಾಲದ ಸಂಜೆ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಲೇ ಅಜ್ಜಿ ಈ ಕಥೆಯನ್ನು ಹೇಳುತ್ತಿದ್ದಳು. ನಾವು ‘ಹೂಂ’ ಅನ್ನುವುದನ್ನು ಮರೆತರೆ ರಾಟೆಯೂ ನಿಲ್ಲುತ್ತಿತ್ತು, ಕಥೆಯೂ ನಿಲ್ಲುತ್ತಿತ್ತು.

ಇಳಕಲ್ಲಿನಲ್ಲಿ ಒಬ್ಬ ನೇಕಾರನಿದ್ದನಂತೆ. ಮಗಳ ಮದುವೆಗೆಂದು ಸಾಹುಕಾರನಿಂದ ತಂದ 50 ರೂಪಾಯಿ ಸಾಲವು, ಬಡ್ಡಿಗೆ ಬಡ್ಡಿ ಕೂಡಿ, ಆ ಮಗಳು ಎರಡು ಮಕ್ಕಳ ತಾಯಿಯಾಗುವಷ್ಟರಲ್ಲಿ 200 ಆಗಿತ್ತು. ಒಂದು ಮುಂಜಾನೆ ಸಾಹುಕಾರನು ಕುಣಿಮಗ್ಗದ ದಂಡೆಯ ಮೇಲೆ ನಿಂತು, ‘ದುಡ್ಡು ಎಣಿಸು, ಇಲ್ಲವೇ ಮಗ್ಗ ಬಿಚ್ಚು’ ಎಂದನು.

‘ಸಾಹುಕಾರರೇ, 12 ಸೀರೆ ನೇಯ್ದು ಕೊಡುತ್ತೇನೆ, ಸಾಲ ಹರಿಯಲಿ’ ಎಂದು ನೇಕಾರ ಕೈಮುಗಿದನು.

ಸಾಹುಕಾರನ ಕಣ್ಣು ಮಗ್ಗದ ಮೇಲಿದ್ದ ಟೋಪ ತೆನಿ ಸೆರಗಿನ ಮೇಲೆ ಬಿದ್ದಿತ್ತು. ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆಗಳು ಸಾಲಾಗಿ ನಿಂತಿದ್ದವು; ಒಡಲು ಮಾತ್ರ ಬರೀ ಹತ್ತಿ. ‘ಹತ್ತಿ ಯಾರಿಗೆ ಬೇಕು? 12 ಸೀರೆಯ ಬದಲು ನನಗೆ 24 ಸೆರಗು ಕೊಡು’ ಎಂದನು.

‘ಬರೀ ಸೆರಗೇ?’

‘ಬರೀ ಸೆರಗೇ.’

‘ಬಡವನ ಮನೆಯಲ್ಲಿ ಅಷ್ಟು ರೇಷ್ಮೆ ಎಲ್ಲಿಂದ ಬರಬೇಕು, ನೂಲು ತಾವೇ ಕೊಡಬೇಕು’ ಎಂದು ನೇಕಾರ ತಲೆ ಕೆರೆದುಕೊಂಡನು. ದುರಾಸೆಯ ಬಾಯಿ ದೊಡ್ಡದು, ಕಿವಿ ಸಣ್ಣದು ಎನ್ನುತ್ತಾ ಅಜ್ಜಿ ಇಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಸಾಹುಕಾರ ಒಪ್ಪಿದನು, ಪಂಚರ ಮುಂದೆ ಪತ್ರವೂ ಆಯಿತು.

ಮೂರು ತಿಂಗಳಲ್ಲಿ ನೇಕಾರನು 24 ಸೆರಗುಗಳನ್ನು ಮಡಿಕೆ ಮುರಿಯದಂತೆ ಗಂಟು ಕಟ್ಟಿ ಒಪ್ಪಿಸಿ, ಪತ್ರವನ್ನು ಪಂಚರ ಎದುರೇ ಹರಿಸಿಕೊಂಡು ಮನೆಗೆ ಬಂದನು.

ಸಾಹುಕಾರನು ಪೇಟೆಯಲ್ಲಿ ಅಗ್ಗದ ಹತ್ತಿ ಬಟ್ಟೆ ಕೊಂಡು, ದರ್ಜಿಯಿಂದ ಅದಕ್ಕೆ ಸೆರಗು ಹೊಲಿಸಿ, ಬನಶಂಕರಿ ಜಾತ್ರೆಗೆ ಒಯ್ದನು. ಮೊದಲು ಬಂದ ಮುದುಕಿಯೇ ಸೀರೆಯನ್ನು ತಿರುವಿ, ಹೊಲಿಗೆಯ ಮೇಲೆ ಉಗುರು ಎಳೆದು, ‘ಕೊಂಡಿ ಎಲ್ಲಿದೆಯಪ್ಪಾ? ಇದು ಇಳಕಲ್ ಸೀರೆಯೋ, ಕೌದಿಯೋ?’ ಎಂದಳು. ಸುತ್ತ ನಿಂತವರು ನಕ್ಕರು. ಒಂದೂ ಮಾರಲಿಲ್ಲ.

ಅವನು ಜಾತ್ರೆಯಿಂದ ನೇರವಾಗಿ ನೇಕಾರನ ಮನೆಗೆ ಬಂದು, ‘ಇವಕ್ಕೆ ಕೊಂಡಿ ಹಾಕಿಕೊಡು’ ಎಂದು ಕೂಗಾಡಿದನು.

ನೇಕಾರ ಲಾಳಿಯನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದನು: ‘ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆ ಕೂಡಿಸಿ ಕೊಂಡಿ ಹಾಕುವುದು ನೇಯುವುದಕ್ಕಿಂತ ಮೊದಲು, ಸಾಹುಕಾರರೇ. ನೇಯ್ದ ಮೇಲೆ ಯಾವ ದೇವರಿಂದಲೂ ಆಗದು. ಸೀರೆ ಕೊಡುತ್ತೇನೆಂದಾಗ ತಾವೇ ಬೇಡವೆಂದಿರಿ.’

ಪಂಚರೂ ಅದನ್ನೇ ಹೇಳಿದರು.

‘ಆಮೇಲೆ ಆ ಸೆರಗುಗಳೇನಾದವು, ಅಜ್ಜಿ?’ ಎಂದು ನಾವು ಪ್ರತಿ ಸಲವೂ ಕೇಳುತ್ತಿದ್ದೆವು. ಸಾಹುಕಾರನ ಹೆಂಡತಿ ಜಾಣೆ, ಹಾಳು ಮಾಡಲಿಲ್ಲ ಎನ್ನುತ್ತಿದ್ದಳು ಅಜ್ಜಿ. ವಾಡೆಯ ಎಲ್ಲ ಬಾಗಿಲುಗಳಿಗೂ ಅವನ್ನು ಪರದೆ ಕಟ್ಟಿದಳಂತೆ. ಊಟಕ್ಕೆ ಹೋಗುವಾಗಲೂ, ಮಲಗಲು ಹೋಗುವಾಗಲೂ ಸಾಹುಕಾರನು ಆ ಕೆಂಪು ಸೆರಗನ್ನು ತಲೆಯ ಮೇಲಿಂದ ಸರಿಸಿಕೊಂಡೇ ಹೋಗಬೇಕಾಗಿತ್ತಂತೆ.